ಕ್ಯಾಮೆರಾಕ್ಕೆ ಯಾವ ಕೆನ್ನೆ?

ನಿಶ್ಚಿತಾರ್ಥದ ಫೋಟೊಗಳು ಕೈಗೆ ಬಂದ ದಿನ ಅಕ್ಕನ ಮಗಳು ಪೆನ್‌ಡ್ರೈವ್ ಹಿಡಿದುಕೊಂಡು ನೇರ ನಮ್ಮ ಮನೆಗೇ ಬಂದಳು. ಮುಖ ಸಪ್ಪಗಿತ್ತು. "ನೋಡು ಚಿಕ್ಕಮ್ಮ, ಒಂದರಲ್ಲಾದರೂ ನಾನು ನನ್ನ ಹಾಗೆ ಇದ್ದೀನಾ? ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. ಬಾಯಿ ಒಂದು ಕಡೆ ಎಳೆದ ಹಾಗಿದೆ. ನನ್ನ ಬಲಗಡೆ ಚೆನ್ನಾಗಿ ಬರುತ್ತೆ, ಆ ಕಡೆಯಿಂದಲೇ ತೆಗೀರಿ ಅಂತ ಮೊದಲೇ ಹೇಳಿದ್ದೆ. ಅವರೂ ಹಾಗೇ ತೆಗೆದಿದ್ದಾರೆ. ಆದರೂ ಹೀಗೆ!"

ಬಲಗಡೆ ಚೆನ್ನಾಗಿ ಬರುತ್ತದೆ ಎಂದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಮೊಬೈಲ್ ತೆಗೆದು ತನಗೆ ಬಹಳ ಇಷ್ಟವಾದ ಹತ್ತು ಹನ್ನೆರಡು ಸೆಲ್ಫಿಗಳನ್ನು ತೋರಿಸಿದಳು. ನಿಜ, ಎಲ್ಲದರಲ್ಲೂ ಮುಖ ಲಕ್ಷಣವಾಗಿತ್ತು, ಎಲ್ಲದರಲ್ಲೂ ಬಲಗೆನ್ನೆಯೇ ಮುಂದಿದ್ದಂತೆ ಕಾಣುತ್ತಿತ್ತು. ಆದರೆ ಒಂದು ಚಿತ್ರದಲ್ಲಿ ಅವಳು ಸೀರೆ ಉಟ್ಟಿದ್ದಳು. ಸೆರಗು ಬಲ ಭುಜದ ಮೇಲಿತ್ತು. ನಮ್ಮ ಮನೆಯ ಹೆಂಗಸರೆಲ್ಲ ಸೆರಗು ಹೊದೆಯುವುದು ಎಡ ಭುಜಕ್ಕೆ. ಅಂದರೆ ಆ ಚಿತ್ರವೇ ತಿರುವುಮುರುವಾಗಿತ್ತು. ಅವಳು ಇಷ್ಟು ದಿನ ಬಲಗೆನ್ನೆ ಎಂದು ನಂಬಿಕೊಂಡಿದ್ದದ್ದು ಅವಳ ಎಡಗೆನ್ನೆ.

ನನ್ನ ತಂದೆ ಊರಿನಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಿದ್ದರು. ನೆಗೆಟಿವ್‌ನ ಮಂಕಾದ ಮೈ ಕಾಗದದ ಕಡೆಗೆ ಇರಬೇಕು. ಆತುರದಲ್ಲಿ ಹೊಳೆಯುವ ಮೈಯನ್ನು ಆ ಕಡೆಗೆ ಇಟ್ಟರೆ ಎಡ ಬಲವಾಗಿ, ಬಲ ಎಡವಾಗಿ ಅಚ್ಚಾಗುತ್ತಿತ್ತು. ಅದಕ್ಕೇ ಅವರು ಪ್ರಿಂಟ್ ಒಣಗಿದ ಮೇಲೆ ಮೊದಲು ಮುಖ ನೋಡುತ್ತಿರಲಿಲ್ಲ, ಅಂಗಿಯ ಜೇಬು ನೋಡುತ್ತಿದ್ದರು. ಗಂಡಸರ ಅಂಗಿಯ ಜೇಬು ಎಡಕ್ಕಿರಬೇಕು. ಹೆಂಗಸರಾದರೆ ಸೆರಗು. ಮುಖವನ್ನು ನೋಡಿ ಎಡ ಬಲ ಹೇಳುವುದು ಕಷ್ಟ, ಬಟ್ಟೆ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದರು.

"ನನಗೆ ಯಾವ ಕಡೆ ಚೆನ್ನ" ಎಂಬ ಪ್ರಶ್ನೆಗೆ ಹೆಚ್ಚಿನವರು ಕಂಡುಕೊಂಡಿರುವ ಉತ್ತರ ಹೀಗೆ ಕನ್ನಡಿ, ಸೆಲ್ಫಿ, ಬೆಳಕು ಮತ್ತು ದೂರ ಸೇರಿ ಕೊಟ್ಟ ಉತ್ತರ. ಮುಖ ಕೊಟ್ಟ ಉತ್ತರ ಬೇಕೆಂದರೆ ಈ ನಾಲ್ಕನ್ನೂ ಒಂದೊಂದಾಗಿ ಪಕ್ಕಕ್ಕೆ ಸರಿಸಬೇಕು. ಮನೆಯಲ್ಲೇ ಒಂದು ಮಧ್ಯಾಹ್ನ ಸಾಕು.

ಎಡಗೆನ್ನೆಯ ಕಡೆಗೆ ಒಂದು ಒಲವು

ಕ್ಯಾಮೆರಾ ಹುಟ್ಟುವುದಕ್ಕೆ ಬಹಳ ಮೊದಲೇ ಚಿತ್ರಕಾರರಿಗೆ ಈ ಪ್ರಶ್ನೆ ಎದುರಾಗಿತ್ತು. ಕ್ರಿಸ್ ಮೆಕ್‌ಮ್ಯಾನಸ್ ಮತ್ತು ನಿಕೋಲಸ್ ಹಂಫ್ರಿ ಎಂಬ ಇಬ್ಬರು ಸಂಶೋಧಕರು ಪಶ್ಚಿಮ ಯೂರೋಪಿನ 1474 ಭಾವಚಿತ್ರಗಳನ್ನು ಒಂದೊಂದಾಗಿ ಎಣಿಸಿ 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೆಕ್ಕ ಕೊಟ್ಟರು. ನೂರಕ್ಕೆ ಸುಮಾರು 60 ಚಿತ್ರಗಳಲ್ಲಿ ಕುಳಿತವರ ಎಡಗೆನ್ನೆ ಹೆಚ್ಚು ಕಾಣುತ್ತಿತ್ತು. ಹೆಂಗಸರ ಚಿತ್ರಗಳಲ್ಲಿ ಈ ಒಲವು ಗಂಡಸರ ಚಿತ್ರಗಳಿಗಿಂತ ಹೆಚ್ಚಾಗಿತ್ತು. ಲಿಯೊನಾರ್ಡೊನ ಮೋನಾಲಿಸಾ ಕೂಡ ನಮಗೆ ತೋರುವುದು ಎಡಗೆನ್ನೆಯನ್ನೇ.

ರೆಂಬ್ರಾಂಟ್‌ನ ವಿಷಯ ಇನ್ನೂ ಸ್ವಾರಸ್ಯದ್ದು. ಅವನು ತನ್ನದೇ ಚಿತ್ರವನ್ನು ಹತ್ತಾರು ಸಲ ಬರೆದುಕೊಂಡ. ಅವುಗಳಲ್ಲಿ ಬಹುಪಾಲು ಬಲಗೆನ್ನೆಯನ್ನು ತೋರಿಸುತ್ತವೆ. ಕಾರಣ ಸರಳವಾಗಿದೆ. ತನ್ನ ಮುಖ ಬರೆಯಬೇಕಾದವನು ಕನ್ನಡಿ ನೋಡಿಯೇ ಬರೆಯಬೇಕು. ಕನ್ನಡಿಗೆ ಅವನು ಒಡ್ಡಿದ್ದು ಎಡಗೆನ್ನೆ, ಕ್ಯಾನ್ವಾಸಿನ ಮೇಲೆ ಅದು ಬಲಗೆನ್ನೆಯಾಗಿ ಇಳಿಯಿತು. ನಮ್ಮ ಹುಡುಗಿಯ ಸೆಲ್ಫಿಗಳಲ್ಲಿ ಆಗಿದ್ದೂ ಇದೇ.

ಎಡಗೆನ್ನೆಯೇ ಏಕೆ? ಮುಖದ ಕೆಳಭಾಗದ ಸ್ನಾಯುಗಳನ್ನು ಬಹುಮಟ್ಟಿಗೆ ಮಿದುಳಿನ ಎದುರು ಪಾರ್ಶ್ವ ನಡೆಸುತ್ತದೆ. ಭಾವಗಳನ್ನು ಹೊಮ್ಮಿಸುವುದರಲ್ಲಿ ಮಿದುಳಿನ ಬಲ ಪಾರ್ಶ್ವಕ್ಕೆ ಹೆಚ್ಚಿನ ಪಾತ್ರವಿರುವುದರಿಂದ ಮುಖದ ಎಡಭಾಗದಲ್ಲಿ ಭಾವ ತುಸು ಗಾಢವಾಗಿ ಕಾಣುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. 1978ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಮುಖದ ಫೋಟೊವನ್ನು ನಡುವೆ ಕತ್ತರಿಸಿ, ಎರಡು ಎಡಭಾಗ ಜೋಡಿಸಿದ ಒಂದು ಮುಖ, ಎರಡು ಬಲಭಾಗ ಜೋಡಿಸಿದ ಇನ್ನೊಂದು ಮುಖ ಮಾಡಿ ಜನರಿಗೆ ತೋರಿಸಿದರು. ಎಡಭಾಗಗಳ ಮುಖದಲ್ಲಿ ಭಾವ ಹೆಚ್ಚು ಎದ್ದು ಕಂಡಿತು.

ನಮ್ಮ ಕೆಲಸಕ್ಕೆ ಹೆಚ್ಚು ಹತ್ತಿರವಾದದ್ದು 2012ರ ಒಂದು ಪ್ರಯೋಗ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಬ್ಲ್ಯಾಕ್‌ಬರ್ನ್ ಮತ್ತು ಶಿರಿಲ್ಲೊ ಹತ್ತು ಗಂಡಸರು, ಹತ್ತು ಹೆಂಗಸರ ಎರಡೂ ಕಡೆಯ ಫೋಟೊ ತೆಗೆದರು. ಅವುಗಳನ್ನು ಇದ್ದ ಹಾಗೆಯೂ ತೋರಿಸಿದರು, ಕಂಪ್ಯೂಟರಿನಲ್ಲಿ ಎಡ ಬಲ ಬದಲಿಸಿಯೂ ತೋರಿಸಿದರು. ನೋಡಿದವರು ಎರಡು ಸಲವೂ ಎಡಗೆನ್ನೆಯ ಚಿತ್ರಗಳನ್ನೇ ಹೆಚ್ಚು ಹಿತವೆಂದರು. ಚಿತ್ರ ಯಾವ ದಿಕ್ಕಿಗೆ ನೋಡುತ್ತಿದೆ ಎಂಬುದರಿಂದ ಬಂದ ಮೆಚ್ಚುಗೆಯಾಗಿದ್ದರೆ, ತಿರುಗಿಸಿದಾಗ ಅದು ಬಲಗೆನ್ನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಈ "ತಿರುಗಿಸಿ ನೋಡುವ" ಉಪಾಯವನ್ನು ನಾವೂ ಬಳಸಿಕೊಳ್ಳಬೇಕು.

ಆದರೆ ಇದು ನೂರಾರು ಮುಖಗಳನ್ನು ಒಟ್ಟಿಗೆ ನೋಡಿದಾಗ ಕಾಣುವ ಒಲವು. ನೂರರಲ್ಲಿ ಅರವತ್ತು ಎಂದರೆ ನಲವತ್ತು ಆ ಕಡೆಗೂ ಇವೆ. ನಿಮ್ಮ ಮುಖ ಅರವತ್ತರಲ್ಲಿ ಸೇರಿದೆಯೋ ನಲವತ್ತರಲ್ಲೋ ಎಂದು ಯಾವ ಅಧ್ಯಯನವೂ ಹೇಳಲಾರದು. ಅದನ್ನು ನೀವೇ ಪರೀಕ್ಷೆ ಮಾಡಿ ತಿಳಿಯಬೇಕು.

ಕನ್ನಡಿಯ ಮುಂದೆ

ಮೊದಲ ಪರೀಕ್ಷೆಗೆ ಬೇಕಾದದ್ದು ಒಂದು ಬಿಳಿ ಹಾಳೆ. ಕನ್ನಡಿಯ ಎದುರು ನೇರ ನಿಂತು, ಹಾಳೆಯ ಅಂಚನ್ನು ಹಣೆಯ ನಡುವಿನಿಂದ ಮೂಗಿನ ಮೇಲೆ ಹಾಯಿಸಿ ಗದ್ದದ ನಡುವಿಗೆ ತಂದು ಮುಖದ ಅರ್ಧ ಮುಚ್ಚಿ. ಕಾಣುವ ಅರ್ಧದಲ್ಲಿ ಮೂರು ವಿಷಯ ಬರೆದುಕೊಳ್ಳಿ: ರೆಪ್ಪೆಯ ಮಡಿಕೆ ಎಷ್ಟು ಇಳಿದಿದೆ, ನಕ್ಕಾಗ ತುಟಿಯ ಕೊನೆ ಎಷ್ಟು ಮೇಲೇರುತ್ತದೆ, ದವಡೆಯ ಗೆರೆ ಸ್ಪಷ್ಟವಾಗಿದೆಯೇ ತುಂಬಿಕೊಂಡಿದೆಯೇ. ಆಮೇಲೆ ಇನ್ನೊಂದು ಅರ್ಧ. ಹೆಚ್ಚಿನವರಿಗೆ ಇಲ್ಲೇ ಒಂದು ಅಚ್ಚರಿ ಕಾದಿರುತ್ತದೆ. ಎರಡು ಅರ್ಧಗಳು ಅಕ್ಕ ತಂಗಿಯರ ಹಾಗಿರುತ್ತವೆಯೇ ಹೊರತು ಅವಳಿಗಳ ಹಾಗಲ್ಲ. ಒಂದೇ ಕಡೆ ಅಗಿಯುವವರಿಗೆ ಆ ಕಡೆಯ ದವಡೆಯ ಸ್ನಾಯು ದಪ್ಪವಾಗಿರಬಹುದು. ವರ್ಷಗಟ್ಟಲೆ ಒಂದೇ ಕಡೆ ಬಿಸಿಲು ಬಿದ್ದವರಿಗೆ ಆ ಕಡೆ ಸುಕ್ಕು ಹೆಚ್ಚು. ಅಮೆರಿಕದಲ್ಲಿ 28 ವರ್ಷ ಲಾರಿ ಓಡಿಸಿದ ಒಬ್ಬರ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದು ಹೆಸರಾಯಿತು. ಅಲ್ಲಿ ಚಾಲಕರ ಕಿಟಕಿ ಎಡಕ್ಕಿರುವುದರಿಂದ ಅವರ ಎಡಗೆನ್ನೆಯಷ್ಟೇ ಆಳವಾಗಿ ಸುಕ್ಕುಗಟ್ಟಿತ್ತು. ನಮ್ಮಲ್ಲಿ ಚಾಲಕರ ಕಿಟಕಿ ಇರುವುದು ಬಲಕ್ಕೆ.

ನಮ್ಮ ಹುಡುಗಿ ಹಾಳೆ ಹಿಡಿದು ನೋಡಿದಾಗ ಕಂಡದ್ದು ಇಷ್ಟು: ಎಡಗಣ್ಣು ಕೂದಲೆಳೆಯಷ್ಟು ಚಿಕ್ಕದು, ನಗು ಎಡಕ್ಕೆ ತುಸು ಹೆಚ್ಚು ಏರುತ್ತದೆ, ಬಲ ದವಡೆ ತುಂಬಿಕೊಂಡಿದೆ. "ಬಲಗಣ್ಣೇ ಚೆನ್ನಾಗಿದೆ, ಹಾಗಾದರೆ ಬಲಗಡೆಯೇ ಸರಿ ಅಲ್ವಾ?" ಎಂದಳು. ಈ ಪರೀಕ್ಷೆ ಎಡವಿಸುವುದು ಇಲ್ಲೇ. ಅರ್ಧ ಮುಖವನ್ನು ಬಿಡಿಯಾಗಿ ನೋಡಿದಾಗ ಗೆದ್ದ ಕಡೆ, ಇಡೀ ಮುಖ ಓರೆಯಾಗಿ ತಿರುಗಿದಾಗ ಗೆಲ್ಲಬೇಕೆಂದಿಲ್ಲ. ಏಕೆಂದು ಮುಂದೆ ನೋಡೋಣ. ಹಾಳೆಯ ಪರೀಕ್ಷೆ ನಿಮ್ಮ ಮುಖದಲ್ಲಿ ಎಲ್ಲಿ ವ್ಯತ್ಯಾಸವಿದೆ ಎಂದು ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ.

ಎರಡನೆಯ ಪರೀಕ್ಷೆಗೆ ಒಂದೇ ಅಳತೆಯ, ಅಂಚುಪಟ್ಟಿ ಇಲ್ಲದ ಎರಡು ಕನ್ನಡಿ ಬೇಕು. ಅವನ್ನು ಮೇಜಿನ ಮೇಲೆ ತೆರೆದ ಪುಸ್ತಕದಂತೆ ನಿಲ್ಲಿಸಿ, ನಡುವಿನ ಕೋನವನ್ನು ಗೋಡೆಯ ಮೂಲೆಯಷ್ಟು, ಅಂದರೆ 90 ಡಿಗ್ರಿ ಮಾಡಿ. ಕೂಡುಗೆರೆಗೆ ಎದುರಾಗಿ ಕುಳಿತು ನೋಡಿದರೆ ಗೆರೆಯ ಮೇಲೆ ನಿಮ್ಮ ಪೂರ್ಣ ಮುಖ ಕಾಣುತ್ತದೆ. ಮುಖ ಅಗಲವಾಗಿಯೋ ಕಿರಿದಾಗಿಯೋ ಕಂಡರೆ ಕೋನ ಸರಿಯಿಲ್ಲ, ಒಂದು ಕನ್ನಡಿಯನ್ನು ನಿಧಾನವಾಗಿ ಸರಿಸಿ. ಈಗ ಬಲಗಣ್ಣು ಮಿಟುಕಿಸಿ. ಮಾಮೂಲಿ ಕನ್ನಡಿಯಲ್ಲಿ ನಿಮ್ಮ ಬಲಗೈ ಕಡೆಯಿರುವ ಕಣ್ಣು ಮಿಟುಕುತ್ತದೆ. ಇಲ್ಲಿ ನಿಮ್ಮ ಎಡಗೈ ಕಡೆಯಿರುವ ಕಣ್ಣು ಮಿಟುಕುತ್ತದೆ. ಎರಡು ಸಲ ಪ್ರತಿಫಲಿಸಿದ್ದರಿಂದ ತಿರುವು ಅಳಿಸಿಹೋಗಿ, ಎದುರಿಗೆ ಕುಳಿತವರಿಗೆ ನೀವು ಹೇಗೆ ಕಾಣುತ್ತೀರೋ ಹಾಗೆಯೇ ನಿಮಗೂ ಕಾಣುತ್ತಿದೆ.

ಬಹಳ ಜನರಿಗೆ ಆ ಮುಖ ಒಗ್ಗುವುದಿಲ್ಲ. ಬೈತಲೆ ಆ ಕಡೆ ಹೋಗಿರುತ್ತದೆ, ಮೂಗು ಬೇರೆ ಕಡೆ ವಾಲಿದಂತಿರುತ್ತದೆ. ಇದಕ್ಕೆ ಕಾರಣ ಮುಖವಲ್ಲ, ರೂಢಿ. 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗಿಯರಿಗೆ ಅವರದೇ ಫೋಟೊದ ಎರಡು ಪ್ರತಿ ತೋರಿಸಿದರು. ಒಂದು ನಿಜದ ಚಿತ್ರ, ಇನ್ನೊಂದು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದು. ಹುಡುಗಿಯರಿಗೆ ಕನ್ನಡಿಯ ಚಿತ್ರ ಹೆಚ್ಚು ಹಿಡಿಸಿತು, ಅವರ ಸ್ನೇಹಿತರಿಗೆ ನಿಜದ ಚಿತ್ರ. ಯಾರು ಯಾವುದನ್ನು ದಿನವೂ ನೋಡುತ್ತಾರೋ ಅವರಿಗೆ ಅದೇ ಇಷ್ಟ. ಆದ್ದರಿಂದ ನಿಮ್ಮ ಮುಖದ ಯಾವ ಕಡೆ ಚೆನ್ನಾಗಿದೆ ಎಂಬ ಮತದಾನದಲ್ಲಿ ನಿಮ್ಮ ಮತವನ್ನು ಎಣಿಸಬಾರದು.

ಕ್ಯಾಮೆರಾದ ಮುಂದೆ

ಈಗ ಮುಖ್ಯ ಪರೀಕ್ಷೆ. ಮೊಬೈಲಿನ ಮುಂದಿನ ಕ್ಯಾಮೆರಾ ಬಿಡಿ, ಹಿಂದಿನದನ್ನು ಬಳಸಿ. ಮುಂದಿನ ಕ್ಯಾಮೆರಾ ತೆರೆಯ ಮೇಲೆ ಕನ್ನಡಿಯಂತೆ ತೋರಿಸಿ, ಉಳಿಸುವಾಗ ಕೆಲವು ಫೋನುಗಳಲ್ಲಿ ನಿಜದ ಚಿತ್ರವಾಗಿಯೂ ಕೆಲವುಗಳಲ್ಲಿ ಕನ್ನಡಿ ಚಿತ್ರವಾಗಿಯೂ ಉಳಿಸುತ್ತದೆ. ಐಫೋನಿನಲ್ಲಿ ಇದನ್ನು ನಿರ್ಧರಿಸುವುದು Mirror Front Camera ಎಂಬ ಆಯ್ಕೆ, ಸ್ಯಾಮ್‌ಸಂಗ್‌ನಲ್ಲಿ Save selfies as previewed. ಹಿಂದಿನ ಕ್ಯಾಮೆರಾಕ್ಕೆ ಈ ರಗಳೆ ಇಲ್ಲ. ಆದರೂ ಒಂದು ಚೀಟಿಯ ಮೇಲೆ ದಪ್ಪಕ್ಷರದಲ್ಲಿ "ಎಡ" ಎಂದು ಬರೆದು ಎಡ ಭುಜಕ್ಕೆ ಪಿನ್ ಮಾಡಿಕೊಳ್ಳಿ. ಯಾವುದೇ ಚಿತ್ರದಲ್ಲಿ ಅಕ್ಷರ ತಿರುವುಮುರುವಾಗಿ ಕಂಡರೆ ಆ ಚಿತ್ರ ತಿರುಗಿದೆ ಎಂದು ತಕ್ಷಣ ತಿಳಿಯುತ್ತದೆ. ಪರೀಕ್ಷೆ ಮುಗಿಯುವವರೆಗೂ ಆ ಚೀಟಿಯೇ ನಿಮಗೆ ಸಾಕ್ಷಿ.

ದೂರ 1.5 ಮೀಟರ್, ಅಂದರೆ ಐದು ಅಡಿ. ಇದು ಬಹಳ ಮುಖ್ಯ. 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದಂತೆ, ಒಂದು ಅಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಐದು ಅಡಿಯ ಚಿತ್ರಕ್ಕಿಂತ ಸುಮಾರು 30 ಶೇಕಡ ಅಗಲವಾಗಿ ಕಾಣುತ್ತದೆ. ಕ್ಯಾಮೆರಾಕ್ಕೆ ಹತ್ತಿರವಿದ್ದದ್ದು ಹಿಗ್ಗುತ್ತದೆ, ದೂರವಿದ್ದದ್ದು ಕುಗ್ಗುತ್ತದೆ. ಮುಖ ಸ್ವಲ್ಪ ಓರೆಯಾದರೆ ಈ ಹಿಗ್ಗು ಕುಗ್ಗು ಒಂದು ಕಡೆಗೆ ಮಾತ್ರ ಆಗುತ್ತದೆ. ಸೆಲ್ಫಿಯಿಂದ "ನನ್ನ ಒಳ್ಳೆಯ ಕಡೆ" ಹುಡುಕುವುದು ತಪ್ಪುವುದು ಇದರಿಂದಲೂ ಹೌದು.

ಕಿಟಕಿಗೆ ಎದುರಾಗಿ ಕುರ್ಚಿ ಹಾಕಿ ಕುಳಿತುಕೊಳ್ಳಿ. ನೇರ ಬಿಸಿಲು ಒಳಗೆ ಬೀಳುವ ಹೊತ್ತು ಬೇಡ. ನಿಮಗೂ ಕಿಟಕಿಗೂ ನಡುವೆ, ನಿಮ್ಮ ಕಣ್ಣಿನ ಎತ್ತರಕ್ಕೆ ಫೋನ್ ನಿಲ್ಲಿಸಿ. ಫೋನಿನ ಬೆನ್ನು ನಿಮ್ಮ ಕಡೆಗೆ, ತೆರೆ ಕಿಟಕಿಯ ಕಡೆಗೆ. ಕೋಣೆಯ ದೀಪಗಳನ್ನು ಆರಿಸಿ. ಎರಡು ಕೆನ್ನೆಗೂ ಬೆಳಕು ಸಮನಾಗಿದೆಯೇ ಎಂದು ತಿಳಿಯಲು ಮೂಗಿನ ನೆರಳು ನೋಡಿ. ಅದು ಮೂಗಿನ ಕೆಳಗೇ ಇರಬೇಕು, ಒಂದು ಕೆನ್ನೆಯ ಮೇಲೆ ಬೀಳಬಾರದು.

ಈಗ ಫೋನಿನ ಸಾಲಿನಲ್ಲೇ, ಅದರಿಂದ ಒಂದು ಮೀಟರ್ ಎಡಕ್ಕೆ ಒಂದು, ಒಂದು ಮೀಟರ್ ಬಲಕ್ಕೆ ಒಂದು, ಹೀಗೆ ಎರಡು ಗುರುತುಗಳನ್ನು ಕುರ್ಚಿಯ ಬೆನ್ನಿಗೋ ಗೋಡೆಗೋ ಅಂಟಿಸಿ. ಮೂಗು ಗುರುತಿನ ಕಡೆಗೆ, ಕಣ್ಣು ಕ್ಯಾಮೆರಾದ ಕಡೆಗೆ. ಆಗ ಮುಖ ಸುಮಾರು 34 ಡಿಗ್ರಿ ತಿರುಗಿರುತ್ತದೆ, ಸ್ಟುಡಿಯೊದವರು ಮುಕ್ಕಾಲು ಮುಖ ಎನ್ನುವುದು ಹೆಚ್ಚು ಕಡಿಮೆ ಇದೇ. ಗುರುತು ಇಲ್ಲದೆ ಅಂದಾಜಿನಲ್ಲಿ ತಿರುಗಿದರೆ ನಾವು ಇಷ್ಟದ ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ತಿರುಗುತ್ತೇವೆ. ಒಂದು ಮಾತು ನೆನಪಿರಲಿ: ಮುಖ ನಿಮ್ಮ ಬಲಕ್ಕೆ ತಿರುಗಿದಾಗ ಕ್ಯಾಮೆರಾಕ್ಕೆ ಕಾಣುವುದು ಎಡಗೆನ್ನೆ.

ಟೈಮರ್ ಇಟ್ಟು ಪ್ರತಿ ಕಡೆಗೆ ನಾಲ್ಕು ಚಿತ್ರ ತೆಗೆಯಿರಿ, ಎರಡು ಸುಮ್ಮನಿರುವ ಮುಖ, ಎರಡು ನಗುಮುಖ. ಕಣ್ಣು ಮುಚ್ಚಿದ್ದರೆ ಮಾತ್ರ ಮತ್ತೆ ತೆಗೆಯಿರಿ. ಹತ್ತಾರು ತೆಗೆದು ಆಯ್ದುಕೊಳ್ಳಲು ಹೋದರೆ ನಮ್ಮ ಹಳೆಯ ನಂಬಿಕೆಯೇ ಆಯ್ಕೆ ಮಾಡಿಬಿಡುತ್ತದೆ.

ಮತ ಎಣಿಕೆ

ಎಡ ಬಲದ ಚಿತ್ರಗಳನ್ನು ಹಾಗೆಯೇ ಪಕ್ಕಪಕ್ಕದಲ್ಲಿಟ್ಟು ತೋರಿಸಬಾರದು, ಒಂದು ಈ ದಿಕ್ಕಿಗೆ ನೋಡುತ್ತಿರುತ್ತದೆ, ಇನ್ನೊಂದು ಆ ದಿಕ್ಕಿಗೆ. ದಿಕ್ಕಿನ ಇಷ್ಟವೂ ಮುಖದ ಇಷ್ಟವೂ ಕಲಸಿಹೋಗುತ್ತವೆ. ಆದ್ದರಿಂದ ಮೊದಲ ಸುತ್ತಿಗೆ ಬಲಗೆನ್ನೆಯ ಚಿತ್ರಗಳನ್ನೆಲ್ಲ ಫೋನಿನ ಎಡಿಟ್‌ನಲ್ಲಿ ಅಡ್ಡಕ್ಕೆ ತಿರುಗಿಸಿ. ಈಗ ಎಲ್ಲ ಮುಖಗಳೂ ಒಂದೇ ಕಡೆ ನೋಡುತ್ತವೆ. ಚೀಟಿ ಕಾಣದಂತೆ ಭುಜದಿಂದ ಮೇಲಕ್ಕೆ ಕತ್ತರಿಸಿ, ಮೂಲ ಚಿತ್ರಗಳನ್ನು ಬೇರೆ ಇಟ್ಟುಕೊಳ್ಳಿ. ಎರಡೆರಡು ಚಿತ್ರ ಜೋಡಿ ಮಾಡಿ ನಾಲ್ಕು ಜೋಡಿಗಳನ್ನು ತೋರಿಸಿ, "ಯಾವುದು ಚೆನ್ನಾಗಿದೆ" ಎಂದಷ್ಟೇ ಕೇಳಿ, ಯಾವ ಕೆನ್ನೆ ಎಂದು ಹೇಳಬೇಡಿ. ಎರಡನೆಯ ಸುತ್ತಿಗೆ ಜೋಡಿಯ ಎರಡೂ ಚಿತ್ರಗಳನ್ನು ಆ ದಿಕ್ಕಿಗೆ ತಿರುಗಿಸಿ, ಒಂದೆರಡು ದಿನ ಬಿಟ್ಟು ಅದೇ ಜನರಿಗೆ ತೋರಿಸಿ. ಎರಡು ಸುತ್ತಿನಲ್ಲೂ ಒಂದೇ ಕೆನ್ನೆ ಗೆದ್ದರೆ ಅದು ಮುಖದ ಗುಣ. ತಿರುಗಿಸಿದಾಗ ಗೆಲುವೂ ಬದಲಾದರೆ ಮುಖದ ಮೇಲೆ ಹೊರಿಸಲು ಏನೂ ಇಲ್ಲ.

ನಾವು ಆರು ಜನರನ್ನು ಕೇಳಿದೆವು. ಅಕ್ಕ ಮತ್ತು ಭಾವ ದಿನವೂ ಅವಳನ್ನು ನೋಡುವವರು, ಉಳಿದ ನಾಲ್ವರು ನಮ್ಮ ಬೀದಿಯವರು. ನಾಲ್ಕು ಜೋಡಿ, ಆರು ಜನ, ಒಟ್ಟು 24 ಮತ. ಮೊದಲ ಸುತ್ತಿನಲ್ಲಿ ಎಡಗೆನ್ನೆಗೆ 17, ಎರಡನೆಯ ಸುತ್ತಿನಲ್ಲಿ 16. ಇಷ್ಟು ಕಡಿಮೆ ಮತಗಳಲ್ಲಿ 13ಕ್ಕೆ 11 ಬಂದಿದ್ದರೆ ಎರಡೂ ಕಡೆ ಸಮ ಎಂದೇ ನಾನು ಹೇಳುತ್ತಿದ್ದೆ. ಎರಡು ಸುತ್ತೂ ಒಂದೇ ಕಡೆಗೆ, ಅದೂ ಇಷ್ಟು ಅಂತರದಲ್ಲಿ ಬಂದದ್ದರಿಂದ ಅವಳಿಗೆ ಎಡಗೆನ್ನೆ ಎಂದು ಒಪ್ಪಿಕೊಂಡೆವು.

ಚಿಕ್ಕ ಕಣ್ಣಿರುವ ಕಡೆ ಗೆದ್ದದ್ದು ಹೇಗೆ? ತಂದೆಯವರು ಗಿರಾಕಿಗಳನ್ನು ಕೂರಿಸುವಾಗ ಒಂದು ಪಾಠವನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ಚಿಕ್ಕ ಕಣ್ಣನ್ನು ಮುಂದಕ್ಕೆ ತಾ." ಓರೆಯಾಗಿ ಕುಳಿತಾಗ ಹತ್ತಿರದ ಕಣ್ಣು ಪೂರ್ತಿ ಕಾಣುತ್ತದೆ, ಆಚೆಯ ಕಣ್ಣು ಮುಖದ ತಿರುವಿನಲ್ಲಿ ಕಿರಿದಾಗುತ್ತದೆ. ಚಿಕ್ಕ ಕಣ್ಣು ಹತ್ತಿರವಿದ್ದು ದೊಡ್ಡ ಕಣ್ಣು ಆಚೆಗಿದ್ದರೆ ಎರಡೂ ಸಮವಾಗಿ ಕಾಣುತ್ತವೆ. ಉಲ್ಟಾ ಆದರೆ, ಮೊದಲೇ ಚಿಕ್ಕದಾದದ್ದು ಇನ್ನೂ ಚಿಕ್ಕದಾಗಿ, ದೊಡ್ಡದು ಇನ್ನೂ ದೊಡ್ಡದಾಗಿ ಕಾಣುತ್ತದೆ. ನಿಶ್ಚಿತಾರ್ಥದ ಫೋಟೊಗಳಲ್ಲಿ ಆದದ್ದು ಇದೇ. ಕ್ಯಾಮೆರಾ ಹತ್ತಿರ ಬಂದಷ್ಟೂ ಈ ವ್ಯತ್ಯಾಸ ಬೆಳೆಯುತ್ತದೆ. ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರವಿದೆ. ಮುಖ ಇಷ್ಟು ಓರೆಯಾದಾಗ ಒಂದು ಕಣ್ಣು ಇನ್ನೊಂದಕ್ಕಿಂತ ಮೂರು, ಮೂರೂವರೆ ಸೆಂಟಿಮೀಟರ್ ಮುಂದಿರುತ್ತದೆ. ಐದು ಅಡಿ ದೂರಕ್ಕೆ ಅದು ನೂರಕ್ಕೆ ಎರಡರಷ್ಟು ಹಿಗ್ಗು, ಒಂದು ಅಡಿ ದೂರಕ್ಕೆ ನೂರಕ್ಕೆ ಹತ್ತರ ಮೇಲೆ.

ಬೆಳಕು ಬಂದರೆ ಲೆಕ್ಕ ಬದಲು

ಇಷ್ಟಕ್ಕೇ ನಿಲ್ಲಿಸದೆ ಇನ್ನೊಂದು ನೋಡಿದೆವು. ಕುರ್ಚಿಯನ್ನು ತಿರುಗಿಸಿ ಕಿಟಕಿ ಪಕ್ಕಕ್ಕೆ ಬರುವಂತೆ ಕೂರಿಸಿದೆ. ಓರೆಯಾದ ಮುಖಕ್ಕೆ ಕ್ಯಾಮೆರಾ ಕಡೆಯ ಅಗಲ ಕೆನ್ನೆ ಒಂದು, ಆಚೆಯ ಕಿರಿಯ ಕೆನ್ನೆ ಇನ್ನೊಂದು. ಬೆಳಕು ಅಗಲ ಕೆನ್ನೆಯ ಮೇಲೆ ಬಿದ್ದರೆ ಮುಖ ಅಗಲವಾಗಿ, ಚಪ್ಪಟೆಯಾಗಿ ಕಾಣುತ್ತದೆ. ಆಚೆಯ ಕೆನ್ನೆಯ ಮೇಲೆ ಬಿದ್ದು ಈಚೆ ಮೆಲ್ಲನೆ ನೆರಳಾದರೆ ಮುಖ ತೆಳ್ಳಗೆ, ತುಂಬಿದಂತೆ ಕಾಣುತ್ತದೆ. ಸೋತ ಬಲಗೆನ್ನೆಗೆ ಒಳ್ಳೆಯ ಬೆಳಕು ಕೊಟ್ಟು, ಗೆದ್ದ ಎಡಗೆನ್ನೆಗೆ ಅಗಲ ಬೆಳಕು ಕೊಟ್ಟು ಆ ಆರು ಜನರಿಗೇ ತೋರಿಸಿದಾಗ ಐವರು ಬಲಗೆನ್ನೆಯನ್ನು ಆರಿಸಿದರು. ಎಡ ಬಲದ ವ್ಯತ್ಯಾಸ ನಿಜವಾದರೂ ಬೆಳಕಿನ ಮುಂದೆ ಅದು ಚಿಕ್ಕದು. ಒಂದೇ ದಿಕ್ಕಿನ ದೀಪದ ಕೆಳಗೆ ನಿಂತು "ನನ್ನ ಕಡೆ" ಹಿಡಿದುಕೊಂಡು ಕುಳಿತರೆ ಫೋಟೊ ಕೆಡುತ್ತದೆ.

ಮೊಬೈಲಿನಲ್ಲಿ ಅರ್ಧ ಮುಖವನ್ನು ಜೋಡಿಸಿ ಎರಡು ಮುಖ ಮಾಡುವ ಆಟದ ಬಗ್ಗೆಯೂ ಎಚ್ಚರಿಸಬೇಕು. ಎರಡು ಎಡ ಜೋಡಿಸಿದರೆ ಒಬ್ಬ ಸಣಕಲು ಮನುಷ್ಯ, ಎರಡು ಬಲ ಜೋಡಿಸಿದರೆ ಗುಂಡುಮುಖದವನು, ಅದನ್ನು ಕಂಡು ಎಷ್ಟೋ ಜನ ಗಾಬರಿಯಾಗುತ್ತಾರೆ. ಪ್ರಯೋಗಾಲಯದಲ್ಲಿ ತಲೆಯನ್ನು ಅಳೆದು ನೇರ ಕೂರಿಸುತ್ತಾರೆ, ಮನೆಯಲ್ಲಿ ತಲೆ ಎರಡು ಮೂರು ಡಿಗ್ರಿ ತಿರುಗಿದ್ದರೂ ಒಂದು ಅರ್ಧ ಅಗಲ, ಇನ್ನೊಂದು ಕಿರಿದು ಆಗಿಬಿಡುತ್ತದೆ. ಮೂಲ ಚಿತ್ರದಲ್ಲಿ ಎರಡು ಕಿವಿಗಳು ಸಮನಾಗಿ ಕಾಣುತ್ತಿಲ್ಲವಾದರೆ ತಲೆ ತಿರುಗಿತ್ತು ಎಂದೇ ಅರ್ಥ, ಆ ಜೋಡಣೆಯನ್ನು ಅಳಿಸಿಹಾಕಿ.

ಮುಖದ ಎರಡು ಕಡೆ ಸಣ್ಣ ವ್ಯತ್ಯಾಸ ಎಲ್ಲರಿಗೂ ಇರುತ್ತದೆ, ವರ್ಷಗಳಿಂದ ಇರುತ್ತದೆ. ಆದರೆ ನಿನ್ನೆ ಇಲ್ಲದ್ದು ಇವತ್ತು ಕಂಡರೆ, ಬಾಯಿ ಒಂದು ಕಡೆ ಜೋತರೆ, ಒಂದು ಕಣ್ಣು ಮುಚ್ಚಲು ಆಗದಿದ್ದರೆ, ಅದು ಫೋಟೊದ ವಿಷಯವಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪಾರ್ಶ್ವವಾಯುವಿನ ಮೊದಲ ಗುರುತು ಅದಾಗಿರಬಹುದು.

ವೇದಿಕೆಯ ಮೇಲೆ

ಹಾಲಿವುಡ್‌ನ ಕ್ಲಾಡೆಟ್ ಕೋಲ್ಬರ್ಟ್ ತನ್ನ ಎಡಗೆನ್ನೆಯನ್ನೇ ಚಿತ್ರೀಕರಿಸಬೇಕೆಂದು ಹಟ ಹಿಡಿಯುತ್ತಿದ್ದಳು. ಅವಳ ಬಲಗೆನ್ನೆಗೆ ಕ್ಯಾಮೆರಾದವರು ಚಂದ್ರನ ಕತ್ತಲ ಮೈ ಎಂದು ಹೆಸರಿಟ್ಟಿದ್ದರು. ಅವಳಿಗಾಗಿ ಸೆಟ್ಟಿನ ಬಾಗಿಲುಗಳನ್ನು ಬೇರೆ ಕಡೆ ಕಟ್ಟುತ್ತಿದ್ದರಂತೆ. ನಮಗೆ ಸೆಟ್ಟು ಕಟ್ಟುವ ಅಗತ್ಯವಿಲ್ಲ, ಯಾವ ಕಡೆ ನಿಲ್ಲಬೇಕೆಂದು ತಿಳಿದರೆ ಸಾಕು. ಜೋಡಿಯಾಗಿ ನಿಂತವರು ಒಬ್ಬರ ಕಡೆ ಒಬ್ಬರು ಸ್ವಲ್ಪ ತಿರುಗುತ್ತಾರೆ. ಗಂಡನ ಎಡಕ್ಕೆ ನಿಂತ ಹೆಂಡತಿ ಅವನ ಕಡೆ ತಿರುಗಿದರೆ ತನ್ನ ಬಲಕ್ಕೆ ತಿರುಗಿದಂತಾಗಿ ಅವಳ ಎಡಗೆನ್ನೆ ಕಾಣುತ್ತದೆ, ಗಂಡನ ಬಲಗೆನ್ನೆ ಕಾಣುತ್ತದೆ. ನಿಶ್ಚಿತಾರ್ಥದ ದಿನ ನಮ್ಮ ಹುಡುಗಿ "ಬಲಗಡೆ" ಎಂದದ್ದರಿಂದ ಫೋಟೊದವರು ಅವಳನ್ನು ಹುಡುಗನ ಬಲಕ್ಕೆ ನಿಲ್ಲಿಸಿದ್ದರು. ಅವರ ಕೆಲಸದಲ್ಲಿ ತಪ್ಪಿರಲಿಲ್ಲ, ಅವಳು ಹೇಳಿದ್ದನ್ನೇ ಮಾಡಿದ್ದರು.

ಗುಂಪಿನ ಫೋಟೊಕ್ಕೂ ಇದೇ ಲೆಕ್ಕ. ಎಡಗೆನ್ನೆ ಕಾಣಬೇಕಾದವರು ಸಾಲಿನಲ್ಲಿ ತಮ್ಮ ಎಡ ತುದಿಯ ಕಡೆಗೆ ನಿಂತು ನಡುವಿಗೆ ತಿರುಗಲಿ, ಬಲಗೆನ್ನೆಯವರು ಬಲ ತುದಿಗೆ. ಪಾಸ್‌ಪೋರ್ಟ್ ಫೋಟೊಕ್ಕೆ ಮುಖ ನೇರವೇ ಇರಬೇಕಾದ್ದರಿಂದ ಅಲ್ಲಿ ಈ ಯಾವುದೂ ಬೇಕಿಲ್ಲ, ಬೆಳಕು ಎರಡು ಕಡೆ ಸಮನಾಗಿದೆಯೇ ಎಂದಷ್ಟೇ ನೋಡಿಕೊಳ್ಳಿ.

ನಿಮ್ಮ ಮನೆಯಲ್ಲೂ ಮದುವೆ, ಗೃಹಪ್ರವೇಶ ಹತ್ತಿರ ಬರುತ್ತಿದ್ದರೆ ಅದಕ್ಕೆ ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಈ ಪರೀಕ್ಷೆ ಮಾಡಿ. ಮೊದಲು ಭುಜಕ್ಕೆ "ಎಡ" ಎಂಬ ಚೀಟಿ ಅಂಟಿಸಿಕೊಳ್ಳಿ. ಉತ್ತರ ಸಮ ಬಂದರೆ ಎಡ ಬಲ ಮರೆತು ಬೆಳಕಿನ ಕಡೆ ಗಮನ ಕೊಡಿ. ಒಂದು ಕಡೆ ಬಂದರೆ ಫೋಟೊದವರಿಗೆ "ನನ್ನ ಎಡಗಡೆ", "ನನ್ನ ಬಲಗಡೆ" ಎಂದು ಬಾಯಲ್ಲಿ ಹೇಳಬೇಡಿ, ಆ ಕೆನ್ನೆಯನ್ನು ಕೈಯಿಂದ ಮುಟ್ಟಿ ತೋರಿಸಿ.

ಆರತಕ್ಷತೆಯ ದಿನ ಅಕ್ಕನ ಮಗಳು ಹಾಗೇ ಮಾಡಿದಳು. ಅವಳು ಹುಡುಗನ ಎಡಕ್ಕೆ ನಿಂತಳು.